ಅಪರಿಚಿತ ಉದ್ದಿಮೆಗೆ ಬರೆದ ಇಮೇಲ್ ಸ್ಪ್ಯಾಮ್‌ಗೆ ಬೀಳುತ್ತಿತ್ತು: ಒಂದು ದುರಸ್ತಿಯ ದಾಖಲೆ

ಸಣ್ಣ ಉದ್ದಿಮೆಗಳ ವೆಬ್‌ಸೈಟುಗಳನ್ನು ಸರಿಪಡಿಸಿಕೊಡುವ ಪರಿಚಿತರೊಬ್ಬರು ತಾವು ಕಳುಹಿಸುತ್ತಿದ್ದ ಇಮೇಲನ್ನು ನನ್ನ ಮುಂದಿಟ್ಟರು. ಹೊಸ ಗ್ರಾಹಕರನ್ನು ಹುಡುಕಲು, ಎಂದೂ ಮಾತನಾಡಿರದ ಅಂಗಡಿ, ಕ್ಲಿನಿಕ್, ಕಾರ್ಯಾಗಾರಗಳಿಗೆ ಬರೆಯುವ ಪತ್ರ ಅದು. ಯಾರೊಬ್ಬರೂ ಉತ್ತರಿಸುತ್ತಿರಲಿಲ್ಲ, ‘ಬೇಡ’ ಎಂದು ಹೇಳುವವರೂ ಇರಲಿಲ್ಲ. ‘ಭಾಷೆ ಸರಿಯಿಲ್ಲವೇನೋ, ಸ್ವಲ್ಪ ತಿದ್ದಿಕೊಡಿ’ ಎಂದು ಅವರು ಕೇಳಿದರು.

ನಾನು ಭಾಷೆಗೆ ಕೈಹಾಕಲಿಲ್ಲ. ಜನರು ಓದಿ ಬೇಡವೆನ್ನುವ ಪತ್ರಕ್ಕೆ ಆಗೊಮ್ಮೆ ಈಗೊಮ್ಮೆಯಾದರೂ ಸಿಡುಕಿನ ಉತ್ತರ ಬರುತ್ತದೆ. ಎಲ್ಲ ಕಡೆಯಿಂದಲೂ ಒಂದೇ ತೆರನಾದ ಮೌನವಿದ್ದರೆ ಪತ್ರ ತಲುಪಿಯೇ ಇಲ್ಲ ಎಂದು ಮೊದಲು ಅನುಮಾನಿಸಬೇಕು. ಹಾಗಾಗಿ ಕೆಲಸದ ಕ್ರಮ ಹೀಗಾಯಿತು: ಮೊದಲು ಪತ್ರ ತಲುಪುತ್ತಿದೆಯೇ ಎಂಬುದು, ಆಮೇಲೆ ಅದು ಹೇಳುವುದೇನು ಎಂಬುದು, ಕೊನೆಗೆ ಮತ್ತೆ ಯಾವಾಗ ಬರೆಯಬೇಕು ಎಂಬುದು.

ತಲುಪುತ್ತಿದೆಯೇ?

ಪರೀಕ್ಷೆಗೆ ಬೇರೆ ಬೇರೆ ಇಮೇಲ್ ಸೇವೆಗಳಲ್ಲಿ ಕೆಲವು ವಿಳಾಸಗಳು ಬೇಕು. ಇಲ್ಲಿ ಒಂದು ಎಚ್ಚರಿಕೆ ಇದೆ. ನಮ್ಮದೇ ಹಳೆಯ ಖಾತೆಗೆ ಅಥವಾ ಸ್ನೇಹಿತರ ಖಾತೆಗೆ ಕಳುಹಿಸಿ ನೋಡಿದರೆ ಪ್ರಯೋಜನವಿಲ್ಲ. ಹಿಂದೆ ಪರಸ್ಪರ ಪತ್ರ ಬರೆದಿರುವವರ ನಡುವೆ ಸ್ಪ್ಯಾಮನ್ನು ಬೇರ್ಪಡಿಸುವ ಶೋಧಕವು ಸಲುಗೆ ತೋರುತ್ತದೆ; ಅಲ್ಲಿ ಇನ್‌ಬಾಕ್ಸ್‌ಗೆ ಬಂದ ಪತ್ರ ಅಪರಿಚಿತರಲ್ಲಿ ಸ್ಪ್ಯಾಮ್‌ಗೆ ಹೋಗಬಹುದು. ಈ ಪರಿಚಿತರೊಂದಿಗೆ ಎಂದೂ ವ್ಯವಹರಿಸದ ಖಾತೆಗಳಿಗೆ ಕಳುಹಿಸಿದೆವು. ನಿರೀಕ್ಷೆಯಂತೆ ಪತ್ರಗಳು ಸ್ಪ್ಯಾಮ್ ಕಡತದಲ್ಲಿ ಕುಳಿತಿದ್ದವು.

ಬಂದ ಪತ್ರದ ಮೂಲ ರೂಪವನ್ನು ತೆರೆದು ನೋಡುವ ಆಯ್ಕೆ ಬಹುತೇಕ ಎಲ್ಲ ಇಮೇಲ್ ಸೇವೆಗಳಲ್ಲೂ ಇದೆ. ಮೇಲ್ಭಾಗದ ಹೆಡರ್‌ಗಳ ರಾಶಿಯಲ್ಲಿ `Authentication-Results` ಎಂಬ ಸಾಲನ್ನು ಹುಡುಕಬೇಕು. ಪತ್ರವನ್ನು ಸ್ವೀಕರಿಸಿದ ಸರ್ವರ್, ಕಳುಹಿಸಿದವರ ಗುರುತನ್ನು ಪರಿಶೀಲಿಸಿ ಬರೆದಿಟ್ಟ ಷರಾ ಅದು. ಇವರ ಪತ್ರದಲ್ಲಿ ಹೀಗಿತ್ತು (ಡೊಮೈನ್ ಹೆಸರುಗಳನ್ನು ಬದಲಿಸಿದ್ದೇನೆ):

```
Authentication-Results: mx.example.net;
  spf=permerror smtp.mailfrom=example.com;
  dkim=pass header.d=mailhost.example;
  dmarc=none header.from=example.com
```

ಮೂರು ಸಾಲುಗಳಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ, ಆದರೆ ಮಧ್ಯದ್ದು ಮಾತ್ರ ಒಳ್ಳೆಯದರಂತೆ ಕಾಣುತ್ತದೆ.

ಮೊದಲನೆಯದು ಎಸ್‌ಪಿಎಫ್. ‘ನನ್ನ ಡೊಮೈನಿನ ಹೆಸರಿನಲ್ಲಿ ಪತ್ರ ಕಳುಹಿಸಲು ಈ ಸರ್ವರ್‌ಗಳಿಗೆ ಮಾತ್ರ ಅಧಿಕಾರ’ ಎಂದು ಡೊಮೈನಿನ ಸಾರ್ವಜನಿಕ ದಾಖಲೆಯಾದ ಡಿಎನ್‌ಎಸ್‌ನಲ್ಲಿ ಹಾಕುವ ಒಂದು ಸಾಲಿನ ಪ್ರಕಟಣೆ ಇದು. ‘ಒಂದು ಸಾಲಿನ’ ಎಂಬುದು ಇಲ್ಲಿ ಕಟ್ಟುನಿಟ್ಟಿನ ಮಾತು. ನೋಡಲು ಈ ಆದೇಶ ಸಾಕು:

```
dig +short TXT example.com
```

ಬಂದ ಉತ್ತರದಲ್ಲಿ `v=spf1` ಎಂದು ಆರಂಭವಾಗುವ ಸಾಲುಗಳು ಎರಡಿದ್ದವು. ಒಂದು ಈಗಿನ ಇಮೇಲ್ ಸೇವೆಯದು. ಇನ್ನೊಂದು ಅವರು ಎಂದೋ ಬಿಟ್ಟುಬಂದ ಹೋಸ್ಟಿಂಗ್ ಸಂಸ್ಥೆಯದು. ಸೇವೆ ಬದಲಾಯಿಸುವಾಗ ಹೊಸದನ್ನು ಸೇರಿಸುತ್ತಾರೆ, ಹಳೆಯದನ್ನು ತೆಗೆಯುವುದು ಯಾರಿಗೂ ನೆನಪಾಗುವುದಿಲ್ಲ. ಎರಡು ಸಾಲು ಕಂಡರೆ ಸ್ವೀಕರಿಸುವ ಸರ್ವರ್ ‘ಯಾವುದು ಸರಿ’ ಎಂದು ಯೋಚಿಸುತ್ತ ಕೂರುವುದಿಲ್ಲ; ಎರಡನ್ನೂ ಬದಿಗಿಟ್ಟು `permerror` ಎಂದು ಬರೆದು ಮುಂದೆ ಹೋಗುತ್ತದೆ. ಹಳೆಯ ಸಾಲನ್ನು ಅಳಿಸಿದೆವು. ಎರಡೂ ಸೇವೆಗಳು ಬಳಕೆಯಲ್ಲಿದ್ದರೆ ಅಳಿಸದೆ, ಆಯಾ ಸೇವೆಯನ್ನು ಹೆಸರಿಸುವ ಎರಡು `include`ಗಳನ್ನೂ ಒಂದೇ ಸಾಲಿನಲ್ಲಿ ಬರೆಯಬೇಕಾಗುತ್ತಿತ್ತು. ಹಾಗೆ ಸೇರಿಸುತ್ತಾ ಹೋಗುವುದಕ್ಕೂ ಮಿತಿ ಇದೆ: ಆ ಸಾಲನ್ನು ಬಿಡಿಸಿ ಓದಲು 10ಕ್ಕಿಂತ ಹೆಚ್ಚು ಡಿಎನ್‌ಎಸ್ ವಿಚಾರಣೆಗಳು ಬೇಕಾದರೆ ಮತ್ತೆ ಅದೇ `permerror`.

ಎರಡನೆಯದು ಡಿಕಿಮ್. ಕಳುಹಿಸುವ ಸರ್ವರ್ ಪ್ರತಿ ಪತ್ರಕ್ಕೂ ಹಾಕುವ ಡಿಜಿಟಲ್ ಸಹಿ ಇದು. ಇಲ್ಲಿ `pass` ಎಂದಿದೆ, ಸಹಿ ಅಸಲಿಯೇ. ಆದರೆ ಯಾರ ಸಹಿ? `header.d` ನೋಡಿ: ಸಹಿ ಹಾಕಿರುವುದು ಇಮೇಲ್ ಸೇವೆ ಒದಗಿಸುವ ಸಂಸ್ಥೆಯ ಡೊಮೈನ್, ಇವರದ್ದಲ್ಲ. ಪತ್ರದ ಮೇಲೆ ಒಬ್ಬರ ಹೆಸರು, ಕೆಳಗೆ ಇನ್ನೊಬ್ಬರ ರುಜು. ಡೊಮೈನನ್ನು ಜೋಡಿಸಿದ ಮಾತ್ರಕ್ಕೆ ನಮ್ಮ ಹೆಸರಿನ ಸಹಿ ತಾನಾಗಿಯೇ ಶುರುವಾಗುತ್ತದೆ ಎಂದು ಹಲವರು ಭಾವಿಸಿರುತ್ತಾರೆ. ಅನೇಕ ಸೇವೆಗಳಲ್ಲಿ ನಾವೇ ಸೆಟ್ಟಿಂಗ್‌ಗೆ ಹೋಗಿ ಕೀಲಿಯನ್ನು ಸೃಷ್ಟಿಸಿ, ಅದರ ಸಾರ್ವಜನಿಕ ಭಾಗವನ್ನು ಡಿಎನ್‌ಎಸ್‌ನಲ್ಲಿ ಹಾಕಿ, ಆಮೇಲೆ ಸಹಿಯನ್ನು ಚಾಲೂ ಮಾಡಬೇಕು. ಆಯ್ಕೆ ಕೊಟ್ಟರೆ 2048 ಬಿಟ್‌ನ ಕೀಲಿಯನ್ನೇ ಆರಿಸಿಕೊಳ್ಳಿ.

ಮೂರನೆಯದು ಡಿಮಾರ್ಕ್. ‘ನನ್ನ ಹೆಸರು ಹೊತ್ತು ಬಂದ ಪತ್ರದ ಗುರುತು ಹೊಂದಿಕೆಯಾಗದಿದ್ದರೆ ಹೀಗೆ ಮಾಡಿ’ ಎಂದು ಹೇಳುವ ಪ್ರಕಟಣೆ. ಅದು ಇರಲೇ ಇಲ್ಲ. ದುರಸ್ತಿಯ ನಂತರ ಡಿಎನ್‌ಎಸ್ ಹೀಗಾಯಿತು:

```
example.com.               TXT "v=spf1 include:_spf.mailhost.example ~all"
s1._domainkey.example.com. TXT "v=DKIM1; k=rsa; p=..."
_dmarc.example.com.        TXT "v=DMARC1; p=none; rua=mailto:dmarc@example.com"
```

`p=none` ಎಂದರೆ ‘ಸದ್ಯಕ್ಕೆ ಏನೂ ಮಾಡಬೇಡಿ, ವರದಿ ಮಾತ್ರ ಕಳುಹಿಸಿ’. ಮೊದಲ ದಿನವೇ ಬಿಗಿ ಮಾಡಿದರೆ ನಮ್ಮದೇ ಯಾವುದೋ ಪತ್ರ ಸಿಕ್ಕಿಬಿದ್ದು ತಿರಸ್ಕೃತವಾಗಬಹುದು. ಈ ವರದಿಗಳ ಕಥೆ ಮುಂದೆ ಬರುತ್ತದೆ.

ಇಷ್ಟೆಲ್ಲ ಬೇಕೇ ಎಂದು ಅವರು ಕೇಳಿದರು. ಜಿಮೇಲ್ ಮತ್ತು ಯಾಹೂ 2024ರ ಫೆಬ್ರವರಿಯಿಂದ ಜಾರಿಗೆ ತಂದ ನಿಯಮಗಳಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಕಡ್ಡಾಯವಾಗಿರುವುದು ಸಗಟಾಗಿ ಕಳುಹಿಸುವವರಿಗೆ. ಜಿಮೇಲ್ ಲೆಕ್ಕದಲ್ಲಿ ತನ್ನ ಖಾತೆಗಳಿಗೆ ದಿನಕ್ಕೆ 5000 ಪತ್ರ ಮುಟ್ಟುವವರು. ಉಳಿದವರಿಗೆ ಎಸ್‌ಪಿಎಫ್ ಅಥವಾ ಡಿಕಿಮ್, ಎರಡರಲ್ಲಿ ಒಂದಿದ್ದರೂ ಆದೀತು. ಆದರೆ ಅಪರಿಚಿತರ ಬಾಗಿಲು ತಟ್ಟುವವರು ಕನಿಷ್ಠ ಅರ್ಹತೆಯೊಂದಿಗೆ ಹೋಗುವುದು ಜಾಣತನವಲ್ಲ. ಮೂರೂ ಸರಿಪಡಿಸಲು ಒಂದು ಮಧ್ಯಾಹ್ನ ಸಾಕು, ಹಣ ಖರ್ಚಿಲ್ಲ.

ಮಾರನೆಯ ದಿನ ಮತ್ತೆ ಪರೀಕ್ಷಿಸಿದಾಗ ಮೂರೂ ಕಡೆ `pass` ಇತ್ತು, `header.d` ಅವರದೇ ಡೊಮೈನ್ ಆಗಿತ್ತು. ಆದರೂ ಒಂದು ಸೇವೆಯಲ್ಲಿ ಪತ್ರ ಸ್ಪ್ಯಾಮ್‌ಗೇ ಬಿತ್ತು. ಗುರುತಿನ ಚೀಟಿ ಸರಿಯಿದ್ದರೆ ಬಾಗಿಲ ತನಕ ಬಿಡುತ್ತಾರೆ. ಒಳಗೆ ಬಿಡುವುದು ಕೈಯಲ್ಲಿರುವುದನ್ನು ನೋಡಿಯೇ. ಈಗ ಪತ್ರವನ್ನೇ ಬಿಚ್ಚಿ ನೋಡುವ ಸರದಿ.

ಹಳೆಯ ಪತ್ರವನ್ನು ಬಿಚ್ಚಿದಾಗ

ವಿಷಯದ ಸಾಲು: ‘ನಿಮ್ಮ ಉದ್ದಿಮೆಯನ್ನು ಮುಂದಿನ ಹಂತಕ್ಕೆ ಕೊಂಡೊಯ್ಯಿರಿ!’ ಒಳಗೆ ದೊಡ್ಡ ಲೋಗೋ, ಬಣ್ಣದ ಚೌಕಟ್ಟು, ಸೇವೆಗಳ ಪಟ್ಟಿ, ಮೂರು ಲಿಂಕ್‌ಗಳು, ಸಾಮಾಜಿಕ ಜಾಲತಾಣಗಳ ಚಿತ್ರಗಳ ಒಂದು ಸಾಲು, ಜೊತೆಗೆ ಲಗತ್ತಿಸಿದ ಪಿಡಿಎಫ್ ಕರಪತ್ರ. ಎಲ್ಲರಿಗೂ ಅಕ್ಷರಶಃ ಅದೇ ಪಠ್ಯ.

ಇದರಲ್ಲಿ ಶೋಧಕವನ್ನು ಕೆರಳಿಸುವುದು ಯಾವುದು ಎಂದು ಒಂದೊಂದಾಗಿ ತೆಗೆದು ನೋಡಿದೆವು. ‘ಉಚಿತ’, ‘ಕೊಡುಗೆ’ ಎಂಬ ಪದಗಳಿದ್ದರೆ ಸ್ಪ್ಯಾಮ್ ಎಂದು ಹೇಳುವ ಪಟ್ಟಿಗಳು ಎಲ್ಲೆಡೆ ಓಡಾಡುತ್ತವೆ. ಅವನ್ನು ಅಷ್ಟಾಗಿ ನಂಬಬೇಡಿ. ಪದಗಳಿಗಿಂತ ಹೆಚ್ಚು ಭಾರವಾದದ್ದು ಲಿಂಕ್‌ಗಳು. ಅವರು ಬಳಸುತ್ತಿದ್ದ ಕಳುಹಿಸುವ ಉಪಕರಣ, ಯಾರು ಒತ್ತಿದರು ಎಂದು ತಿಳಿಯಲು ಪ್ರತಿ ಲಿಂಕನ್ನೂ ತನ್ನದೇ ಡೊಮೈನಿನ ಮೂಲಕ ತಿರುಗಿಸುತ್ತಿತ್ತು. ಪತ್ರದಲ್ಲಿ ಕಾಣುವ ವಿಳಾಸ ಒಂದು, ಒತ್ತಿದರೆ ಹೋಗುವುದು ಇನ್ನೊಂದಕ್ಕೆ. ಮೋಸದ ಪತ್ರಗಳ ಲಕ್ಷಣವೂ ಇದೇ. ಅದಕ್ಕಿಂತ ಕೆಟ್ಟದ್ದೆಂದರೆ ಆ ತಿರುವಿನ ಡೊಮೈನನ್ನು ಅದೇ ಉಪಕರಣ ಬಳಸುವ ಸಾವಿರಾರು ಜನ ಹಂಚಿಕೊಂಡಿರುತ್ತಾರೆ. ಅವರಲ್ಲಿ ಕೆಲವರು ಗಳಿಸಿದ ಕೆಟ್ಟ ಹೆಸರು ಇವರ ಪತ್ರಕ್ಕೂ ಅಂಟುತ್ತದೆ. ಲಿಂಕ್ ಹಿಂಬಾಲಿಸುವ ವ್ಯವಸ್ಥೆಯನ್ನು ನಿಲ್ಲಿಸಿದ ಕೂಡಲೇ ಸ್ಪ್ಯಾಮ್‌ಗೆ ಬೀಳುತ್ತಿದ್ದ ಆ ಕಡೆಯೂ ಪತ್ರ ಇನ್‌ಬಾಕ್ಸ್‌ಗೆ ಬಂತು.

ಪತ್ರ ತೆರೆದರೋ ಇಲ್ಲವೋ ಎಂದು ತಿಳಿಸುವ ಅದೃಶ್ಯ ಚಿತ್ರವನ್ನೂ ತೆಗೆಸಿದೆ. ಅವರಿಗೆ ಅದನ್ನು ಬಿಡಲು ಮನಸ್ಸಿರಲಿಲ್ಲ. ‘ತೆರೆದವರು ಯಾರೆಂದು ಗೊತ್ತಾದರೆ ಅವರಿಗೆ ಮಾತ್ರ ಮತ್ತೆ ಬರೆಯಬಹುದಲ್ಲ?’ ಎಂದರು. 2021ರಲ್ಲಿ ಆಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಗೋಪ್ಯತೆಯ ರಕ್ಷಣೆ ತಂದ ಮೇಲೆ, ಅದನ್ನು ಒಪ್ಪಿಕೊಂಡವರ ಪತ್ರಗಳ ಚಿತ್ರಗಳು ಓದುಗ ಮುಟ್ಟುವ ಮೊದಲೇ ಹಿನ್ನೆಲೆಯಲ್ಲಿ ಇಳಿಯುತ್ತವೆ. ಓದದವರೂ ಓದಿದಂತೆ ಲೆಕ್ಕಕ್ಕೆ ಬರುತ್ತಾರೆ. ಚಿತ್ರಗಳನ್ನು ತಡೆದಿಟ್ಟಿರುವವರು ಓದಿದರೂ ಓದದವರಂತೆ. ಎರಡೂ ಕಡೆ ಸುಳ್ಳು ಹೇಳುವ ಅಳತೆಗೋಲನ್ನು ಇಟ್ಟುಕೊಂಡು ಮಾಡುವುದೇನು? ನಾವು ಎಣಿಸಬೇಕಾದದ್ದು ಉತ್ತರಗಳನ್ನು.

ಪಿಡಿಎಫ್ ಬಗ್ಗೆ ವಾದವೇ ಬೇಡ. ಗುರುತಿಲ್ಲದವರಿಂದ ಬಂದ ಲಗತ್ತನ್ನು ತೆರೆಯಬಾರದೆಂದು ಕ್ಲಿನಿಕ್ಕಿನ ಸ್ವಾಗತಕಾರರಿಗೂ ಹೇಳಿಕೊಟ್ಟಿರುತ್ತಾರೆ.

ಲೋಗೋ, ಚೌಕಟ್ಟು, ಸಾಮಾಜಿಕ ಜಾಲದ ಚಿತ್ರಗಳು ಎಲ್ಲ ಹೋದವು. ಉಳಿದದ್ದು ಬರಿಯ ಪಠ್ಯ. ಹಾಗೆ ಬರಿದಾದ ಮೇಲೆ ಅದರಲ್ಲಿ ಹೇಳಿದ್ದು ಎಷ್ಟು ಕಡಿಮೆ ಎಂಬುದು ಅವರಿಗೂ ಕಂಡಿತು.

ಹೊಸ ಪತ್ರ: ಒಂದು ಕ್ಲಿನಿಕ್‌ಗೆ

ಪಟ್ಟಿಯಲ್ಲಿದ್ದ ಒಂದು ಫಿಸಿಯೋಥೆರಪಿ ಕ್ಲಿನಿಕ್ ಆರಿಸಿಕೊಂಡೆವು. ಮೊದಲು ಅವರ ವೆಬ್‌ಸೈಟನ್ನು ಸಣ್ಣ ಪರದೆಯ ಮೊಬೈಲಿನಲ್ಲಿ ತೆರೆದು, ರೋಗಿಯೊಬ್ಬರು ಮಾಡುವಂತೆ ಅಪಾಯಿಂಟ್‌ಮೆಂಟ್ ಪುಟವನ್ನು ತುಂಬಲು ಹೊರಟೆವು. ಹೆಸರು, ಫೋನ್, ಎಲ್ಲಿ ನೋವು, ಯಾವ ದಿನ ಎಲ್ಲವನ್ನೂ ತುಂಬಿ ಪುಟದ ತಳಕ್ಕೆ ಬಂದರೆ ‘ಕಳುಹಿಸಿ’ ಗುಂಡಿಯ ಮೇಲೆ ಹಸಿರು ಬಣ್ಣದ ಚಾಟ್ ಗುಂಡಿ ಕುಳಿತಿದೆ. ಬೆರಳಿಟ್ಟರೆ ಪ್ರತಿ ಸಲವೂ ಚಾಟ್ ತೆರೆಯುತ್ತದೆ, ಅರ್ಜಿ ಹೋಗುವುದಿಲ್ಲ.

ಕಾರಣ ಸರಳ. ಚಾಟ್ ಗುಂಡಿಯನ್ನು ಪರದೆಯ ಬಲ ಕೆಳಮೂಲೆಗೆ `position: fixed` ಎಂದು ಕಟ್ಟಿಹಾಕಿದ್ದಾರೆ. ಪುಟ ಎಷ್ಟು ಸರಿದರೂ ಅದು ಅಲ್ಲೇ ಇರುತ್ತದೆ. ‘ಕಳುಹಿಸಿ’ ಗುಂಡಿ ಪುಟದ ಕಟ್ಟಕಡೆಯಲ್ಲಿ ಬಲಕ್ಕಿದೆ, ಅದರ ಕೆಳಗೆ ಜಾಗವಿಲ್ಲ. ಕಂಪ್ಯೂಟರಿನ ಅಗಲ ಪರದೆಯಲ್ಲಿ ಅರ್ಜಿ ನಡುಮಧ್ಯೆ ಬರುವುದರಿಂದ ಎರಡೂ ಗುಂಡಿಗಳು ದೂರ ಉಳಿಯುತ್ತವೆ. 360 ಪಿಕ್ಸೆಲ್ ಅಗಲದ ಮೊಬೈಲಿನಲ್ಲಿ ಒಂದರ ಮೇಲೊಂದು. ಕ್ಲಿನಿಕ್‌ನವರು ಕಚೇರಿಯ ಕಂಪ್ಯೂಟರಿನಲ್ಲಿ ನೋಡಿ ಎಲ್ಲ ಸರಿಯಿದೆ ಎಂದುಕೊಂಡಿರುತ್ತಾರೆ.

ಪತ್ರಕ್ಕೆ ಬೇಕಾದ ಸರಕು ಇದೇ. ಇದನ್ನು ಬೇರೆ ಯಾರಿಗೂ ಕಳುಹಿಸಲು ಬರುವುದಿಲ್ಲ, ಆದ್ದರಿಂದ ಇದು ಸಗಟು ಪತ್ರವೂ ಆಗುವುದಿಲ್ಲ. ಒಂದೇ ಪಠ್ಯ ನೂರಾರು ಕಡೆ ಹೋದಾಗ ಶೋಧಕಗಳು ಅದರ ಅಚ್ಚನ್ನು ಗುರುತಿಸುತ್ತವೆ. ಅಲ್ಲಲ್ಲಿ ಹೆಸರು ಬದಲಿಸಿದರೆ, ಪದಗಳನ್ನು ಹಿಂದುಮುಂದು ಮಾಡಿದರೆ ಆ ಅಚ್ಚು ಅಳಿಸಿಹೋಗುವುದಿಲ್ಲ.

ಯಾವ ವಿಳಾಸಕ್ಕೆ? ವೆಬ್‌ಸೈಟಿನ ‘ನಮ್ಮ ಬಗ್ಗೆ’ ಪುಟದಲ್ಲಿ ಮುಖ್ಯ ಚಿಕಿತ್ಸಕರ ಹೆಸರೂ ವಿಳಾಸವೂ ಇದ್ದವು. ಉದ್ದಿಮೆ ತಾನಾಗಿ ಪ್ರಕಟಿಸಿದ ವಿಳಾಸ ಬಿಟ್ಟು ಬೇರೆಲ್ಲಿಂದಲೂ ತೆಗೆದುಕೊಳ್ಳಬೇಡಿ. ಮಾರಾಟಕ್ಕೆ ಸಿಗುವ ಪಟ್ಟಿಗಳಲ್ಲಿ ಸತ್ತ ವಿಳಾಸಗಳಿರುತ್ತವೆ, ಸ್ಪ್ಯಾಮ್ ಕಳುಹಿಸುವವರನ್ನು ಹಿಡಿಯಲೆಂದೇ ಇಟ್ಟ ಬಲೆಯ ವಿಳಾಸಗಳೂ ಇರುತ್ತವೆ. (ಅಪಾಯಿಂಟ್‌ಮೆಂಟ್ ಅರ್ಜಿಯ ಮೂಲಕವೇ ಕಳುಹಿಸಿದರೆ ಹೇಗೆ ಎಂದು ಅವರು ಕೇಳಿದರು. ಕೆಟ್ಟಿರುವ ಅರ್ಜಿಯ ಮೂಲಕವೇ ಅದು ಕೆಟ್ಟಿದೆ ಎಂದು ತಿಳಿಸುವ ಯೋಚನೆ ನನಗೂ ಹಿಡಿಸಿತು, ಆದರೆ ಕೈಬಿಟ್ಟೆವು.)

ವಿಷಯದ ಸಾಲು: ‘ಅಪಾಯಿಂಟ್‌ಮೆಂಟ್ ಪುಟ: ಮೊಬೈಲಿನಲ್ಲಿ ಕಳುಹಿಸಿ ಗುಂಡಿ ಕಾಣುತ್ತಿಲ್ಲ’. ಮೊಬೈಲಿನ ಪಟ್ಟಿಯಲ್ಲಿ ಮೊದಲ ಮೂರ್ನಾಲ್ಕು ಪದಗಳಷ್ಟೇ ಕಾಣುವುದರಿಂದ ಅಪಾಯಿಂಟ್‌ಮೆಂಟ್ ಎಂಬ ಪದ ಮುಂದಿರಬೇಕು. ಪತ್ರ ಹೀಗಿತ್ತು:

> ಡಾಕ್ಟರೇ, ನಮಸ್ಕಾರ.
>
> ನಿಮ್ಮ ವೆಬ್‌ಸೈಟಿನ ಅಪಾಯಿಂಟ್‌ಮೆಂಟ್ ಪುಟವನ್ನು ಸಣ್ಣ ಮೊಬೈಲಿನಲ್ಲಿ ತುಂಬಿದರೆ ಕೊನೆಯಲ್ಲಿ ‘ಕಳುಹಿಸಿ’ ಗುಂಡಿಯ ಮೇಲೆ ಚಾಟ್ ಗುಂಡಿ ಬಂದು ಕೂರುತ್ತದೆ. ಅರ್ಜಿ ಕಳುಹಿಸಲು ಆಗುವುದಿಲ್ಲ. ಕಂಪ್ಯೂಟರಿನಲ್ಲಿ ಈ ತೊಂದರೆ ಕಾಣುವುದಿಲ್ಲ, ಹಾಗಾಗಿ ನಿಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ.
>
> ಪುಟದ ತಳದಲ್ಲಿ ಸ್ವಲ್ಪ ಖಾಲಿ ಜಾಗ ಬಿಟ್ಟರೆ ಸರಿಹೋಗುತ್ತದೆ. ನಿಮ್ಮ ವೆಬ್‌ಸೈಟ್ ನೋಡಿಕೊಳ್ಳುವವರಿದ್ದರೆ ಈ ಪತ್ರವನ್ನೇ ಅವರಿಗೆ ಕಳುಹಿಸಿ, ಅವರಿಗೆ ಅರ್ಥವಾಗುತ್ತದೆ. ಇಲ್ಲವಾದರೆ ನಾನು ಮಾಡಿಕೊಡಬಲ್ಲೆ. ಸಣ್ಣ ಉದ್ದಿಮೆಗಳ ವೆಬ್‌ಸೈಟ್ ದುರಸ್ತಿಯೇ ನನ್ನ ಕೆಲಸ.
>
> ಪರದೆಯ ಚಿತ್ರ ಕಳುಹಿಸಲೇ?
>
> ಇಂತಹ ಪತ್ರ ಬೇಡವಾದರೆ ‘ಬೇಡ’ ಎಂದು ಒಂದು ಪದ ಬರೆಯಿರಿ, ಮತ್ತೆ ಬರೆಯುವುದಿಲ್ಲ.
>
> (ಹೆಸರು, ಫೋನ್, ಅಂಚೆ ವಿಳಾಸ)

‘ದೋಷವನ್ನೂ ಪರಿಹಾರವನ್ನೂ ಪುಕ್ಕಟೆ ಹೇಳಿಬಿಟ್ಟರೆ ಕೆಲಸ ನನಗೇಕೆ ಕೊಡುತ್ತಾರೆ?’ ಎಂಬುದು ಅವರ ಆಕ್ಷೇಪ. ಬೇರೆಯವರಿಂದ ಮಾಡಿಸಿಕೊಳ್ಳುವವರು ಇದ್ದಾರೆ, ನಿಜ. ಆದರೆ ‘ನಿಮ್ಮ ವೆಬ್‌ಸೈಟಿನಲ್ಲಿ ಗಂಭೀರ ದೋಷವಿದೆ, ತಿಳಿಯಲು ಕರೆ ಮಾಡಿ’ ಎಂದು ಬರೆದರೆ ಅದು ಹೆದರಿಸುವ ಪತ್ರವಾಗುತ್ತದೆ, ಅಂಥದ್ದು ಅವರಿಗೆ ವಾರಕ್ಕೆ ಹಲವು ಬರುತ್ತವೆ. ನನ್ನ ಅಭಿಪ್ರಾಯದಲ್ಲಿ ಪೂರ್ತಿ ಹೇಳಿಬಿಡುವುದೇ ಲಾಭ: ಓದಿದವರು ಮೊಬೈಲ್ ತೆಗೆದು ಅರ್ಧ ನಿಮಿಷದಲ್ಲಿ ನಿಜವೇ ಎಂದು ನೋಡಿಕೊಳ್ಳಬಹುದು. ಪತ್ರದಲ್ಲಿ ಒಂದೇ ಪ್ರಶ್ನೆಯಿದೆ, ಅದಕ್ಕೆ ‘ಸರಿ’ ಎಂದರೆ ಸಾಕು. ಹಳೆಯ ಪತ್ರದಲ್ಲಿದ್ದ ‘15 ನಿಮಿಷ ಮಾತನಾಡಲು ಸಮಯ ಕಾಯ್ದಿರಿಸಿ’ ಎಂಬ ಬೇಡಿಕೆ ಗುರುತಿಲ್ಲದವರಿಂದ ಬಂದಾಗ ಬಹಳ ದೊಡ್ಡದು.

ಕೊನೆಯ ‘ಬೇಡ’ದ ಸಾಲು ಸೌಜನ್ಯಕ್ಕಷ್ಟೇ ಅಲ್ಲ. ಸುಲಭವಾಗಿ ನಿರಾಕರಿಸುವ ದಾರಿ ಇಲ್ಲದಿದ್ದರೆ ಓದುಗರ ಬೆರಳು ಹೋಗುವುದು ‘ಸ್ಪ್ಯಾಮ್ ಎಂದು ವರದಿ ಮಾಡಿ’ ಎಂಬಲ್ಲಿಗೆ. ಸಗಟು ಕಳುಹಿಸುವವರು ಈ ದೂರುಗಳ ಪ್ರಮಾಣವನ್ನು ಶೇ 0.1ಕ್ಕಿಂತ ಕೆಳಗಿಡಬೇಕು, ಶೇ 0.3 ಮುಟ್ಟಲೇಬಾರದು ಎಂದು ಜಿಮೇಲ್ ಹೇಳುತ್ತದೆ. ದಿನಕ್ಕೆ ಐದಾರು ಪತ್ರ ಬರೆಯುವವರಿಗೆ ಈ ಶೇಕಡಾವಾರು ಎಲ್ಲೂ ಕಾಣಿಸುವುದಿಲ್ಲ, ಆದರೆ ಲೆಕ್ಕ ಹಾಕಿ ನೋಡಿ: 30 ಪತ್ರಗಳಲ್ಲಿ ಒಬ್ಬರು ದೂರಿದರೂ ಶೇ 3 ದಾಟಿತು.

ಅಂಚೆ ವಿಳಾಸ ಯಾಕೆಂದರೆ ಅಮೆರಿಕದ 2003ರ ಕ್ಯಾನ್‌-ಸ್ಪ್ಯಾಮ್ ಕಾಯ್ದೆ ವ್ಯಾಪಾರಿ ಪತ್ರಗಳಲ್ಲಿ ಅದನ್ನು ಕೇಳುತ್ತದೆ. ಬೇಡವೆಂದವರನ್ನು 10 ಕೆಲಸದ ದಿನಗಳೊಳಗೆ ಕೈಬಿಡಬೇಕೆಂದೂ ಹೇಳುತ್ತದೆ. ಉದ್ದಿಮೆಯಿಂದ ಉದ್ದಿಮೆಗೆ ಬರೆದರೂ ಅದರಿಂದ ವಿನಾಯಿತಿ ಇಲ್ಲ. ಜರ್ಮನಿಯಂತಹ ದೇಶಗಳಲ್ಲಿ ಮುಂಚಿತ ಒಪ್ಪಿಗೆಯಿಲ್ಲದೆ ಉದ್ದಿಮೆಗಳಿಗೂ ಜಾಹೀರಾತು ಇಮೇಲ್ ಕಳುಹಿಸುವಂತಿಲ್ಲ. ಪತ್ರ ಪಡೆಯುವವರು ಯಾವ ದೇಶದಲ್ಲಿದ್ದಾರೋ ಅಲ್ಲಿನ ಕಾನೂನನ್ನು ಮೊದಲೇ ನೋಡಿಕೊಳ್ಳಬೇಕು.

ಕಳುಹಿಸುವ ಉಪಕರಣವನ್ನೇ ಬಿಟ್ಟು, ದಿನನಿತ್ಯ ಬಳಸುವ ಇಮೇಲ್ ಖಾತೆಯಿಂದಲೇ ಕಳುಹಿಸಿದೆವು. ಇದಕ್ಕಾಗಿ ಹೋಲುವ ಹೆಸರಿನ ಹೊಸ ಡೊಮೈನ್ ಕೊಳ್ಳುವವರಿದ್ದಾರೆ. ನಿನ್ನೆ ಹುಟ್ಟಿದ ಡೊಮೈನಿಗೆ ಯಾವ ಹೆಸರೂ ಇರುವುದಿಲ್ಲ. ಗ್ರಾಹಕರೊಂದಿಗೆ ವರ್ಷಗಟ್ಟಲೆ ನಿಜವಾದ ಪತ್ರವ್ಯವಹಾರ ನಡೆದಿರುವ ಹಳೆಯ ಡೊಮೈನ್, ದಿನಕ್ಕೆ ಕೆಲವೇ ಪತ್ರಗಳಾದರೆ, ಅದಕ್ಕಿಂತ ಎಷ್ಟೋ ಮೇಲು. ಯಂತ್ರಗಳೇ ಪರಸ್ಪರ ಪತ್ರ ಬರೆದುಕೊಂಡು ಡೊಮೈನಿಗೆ ಒಳ್ಳೆಯ ಹೆಸರು ತಂದುಕೊಡುತ್ತೇವೆ ಎನ್ನುವ ಸೇವೆಗಳ ಹತ್ತಿರ ನಾನು ಹೋಗುವುದಿಲ್ಲ.

ಮತ್ತೆ ಯಾವಾಗ ಬರೆಯುವುದು

ಮೊದಲ ಪತ್ರ ಮಂಗಳವಾರ ಬೆಳಗ್ಗೆ ಹೋಯಿತು. ವಾರದ ಮೊದಲ ದಿನ ರಜೆಯಲ್ಲಿ ಗುಡ್ಡೆಯಾದ ಪತ್ರಗಳನ್ನು ಗುಡಿಸುವ ದಿನ, ಆಗ ಅಪರಿಚಿತರದ್ದು ಮೊದಲು ಹೋಗುತ್ತದೆ. ಆದರೆ ‘ಮಂಗಳವಾರ ಹತ್ತು ಗಂಟೆ’ ಎಂಬ ಸೂತ್ರಕ್ಕಿಂತ ಆ ಉದ್ದಿಮೆಯ ದಿನಚರಿ ಮುಖ್ಯ. ಕ್ಲಿನಿಕ್ ತೆರೆಯುವ ಮುಂಚೆ ಇಮೇಲ್ ನೋಡುತ್ತಾರೆ. ಹೋಟೆಲಿನವರು ಊಟದ ಹೊತ್ತು ಕಳೆದ ಮೇಲೆ. ಲೆಕ್ಕಪರಿಶೋಧಕರಿಗೆ ತೆರಿಗೆ ಸಲ್ಲಿಸುವ ಕಾಲದಲ್ಲಿ ಬರೆಯುವುದೇ ವ್ಯರ್ಥ.

ನಾಲ್ಕು ಕೆಲಸದ ದಿನ ಕಾಯುವುದೆಂದು ಮೊದಲೇ ನಿಗದಿ ಮಾಡಿದ್ದೆವು. ಎರಡನೆಯ ದಿನವೇ ಬರೆದರೆ ಪೀಡಿಸಿದಂತೆ. ತಿಂಗಳು ಬಿಟ್ಟರೆ ಮೊದಲ ಪತ್ರ ಮರೆತೇ ಹೋಗಿರುತ್ತದೆ, ಎರಡನೆಯದೂ ಮೊದಲನೆಯದರಂತೆ ಶೂನ್ಯದಿಂದ ಆರಂಭಿಸಬೇಕು.

ಮರುಪತ್ರ ಕಳುಹಿಸುವ ಮುನ್ನ ಮೂರು ಕಡೆ ನೋಡಬೇಕು. ಒಂದು, ನಮ್ಮದೇ ಸ್ಪ್ಯಾಮ್ ಕಡತ. ಉತ್ತರ ಅಲ್ಲಿ ಬಿದ್ದಿರಬಹುದು. ಎರಡು, ಮರಳಿ ಬಂದ ಸೂಚನೆಗಳು. `550 5.1.1` ಎಂದಿದ್ದರೆ ಅಂತಹ ವಿಳಾಸವೇ ಇಲ್ಲ, ಅದನ್ನು ಪಟ್ಟಿಯಿಂದ ತೆಗೆದುಬಿಡಬೇಕು. ಮತ್ತೆ ಮತ್ತೆ ಇಲ್ಲದ ವಿಳಾಸಕ್ಕೆ ಬರೆಯುವವರನ್ನು ಸರ್ವರ್‌ಗಳು ನೆನಪಿಟ್ಟುಕೊಳ್ಳುತ್ತವೆ. 4ರಿಂದ ಆರಂಭವಾಗುವ ಸಂಖ್ಯೆಯಾದರೆ ತಾತ್ಕಾಲಿಕ ಅಡ್ಡಿ. ನಮ್ಮ ಸರ್ವರ್ ತಾನಾಗಿಯೇ ಮತ್ತೆ ಯತ್ನಿಸುತ್ತಿರುತ್ತದೆ, ನಾವು ಕೈಯಿಂದ ಇನ್ನೊಂದು ಪ್ರತಿ ಕಳುಹಿಸಬಾರದು. ರಜೆಯಲ್ಲಿದ್ದೇನೆ ಎಂಬ ಸ್ವಯಂಚಾಲಿತ ಉತ್ತರವಿದ್ದರೆ ಅವರು ಮರಳುವ ದಿನಾಂಕ ನೋಡಿ, ಅದಾದ ಎರಡು ದಿನಕ್ಕೆ ಮರುಪತ್ರವನ್ನು ಮುಂದೂಡಬೇಕು.

ಮೂರನೆಯದನ್ನು ಬಹಳ ಜನ ಮಾಡುವುದಿಲ್ಲ: ಆ ಪುಟವನ್ನು ಮತ್ತೆ ತೆರೆದು ದೋಷ ಇನ್ನೂ ಇದೆಯೇ ಎಂದು ನೋಡುವುದು. ಅವರು ಸದ್ದಿಲ್ಲದೆ ಸರಿಪಡಿಸಿಕೊಂಡಿದ್ದರೆ ‘ಗುಂಡಿ ಕಾಣುತ್ತಿಲ್ಲ’ ಎಂಬ ಮರುಪತ್ರ ಸುಳ್ಳಾಗುತ್ತದೆ. ಮರುಪತ್ರಗಳನ್ನು ಯಂತ್ರಕ್ಕೆ ಒಪ್ಪಿಸಿ ಮರೆತುಬಿಡುವುದಕ್ಕೆ ನನ್ನ ವಿರೋಧ ಇರುವುದು ಇದೇ ಕಾರಣಕ್ಕೆ.

ಕ್ಲಿನಿಕ್ಕಿನ ಪುಟದಲ್ಲಿ ದೋಷ ಹಾಗೆಯೇ ಇತ್ತು. ಮರುಪತ್ರವನ್ನು ಹೊಸದಾಗಿ ಬರೆಯದೆ, ಕಳುಹಿಸಿದ ಪತ್ರಕ್ಕೇ ಉತ್ತರವಾಗಿ ಬರೆದೆವು. ಆಗ ಹೆಡರ್‌ನಲ್ಲಿ `In-Reply-To`, `References` ಸಾಲುಗಳು ಸೇರಿಕೊಂಡು, ಓದುವವರಿಗೆ ಎರಡೂ ಪತ್ರ ಒಟ್ಟಿಗೆ ಕಾಣುತ್ತವೆ. ವಿಷಯದ ಸಾಲಿಗೆ ತಾನಾಗಿ `Re:` ಬರುತ್ತದೆ, ಅದು ನಿಜವಾದದ್ದು. ಮೊದಲ ಪತ್ರಕ್ಕೇ ಕೈಯಿಂದ `Re:` ಹಾಕಿ ಹಳೆಯ ಮಾತುಕತೆ ಇದ್ದಂತೆ ನಟಿಸುವ ಉಪಾಯವೂ ಇದೆ. ಓದುವವರಿಗೆ ಅದು ಮೋಸವೆಂದು ಕೂಡಲೇ ತಿಳಿಯುತ್ತದೆ, ಮೇಲೆ ಹೇಳಿದ ಕಾಯ್ದೆಯೂ ದಾರಿ ತಪ್ಪಿಸುವ ವಿಷಯದ ಸಾಲನ್ನು ನಿಷೇಧಿಸುತ್ತದೆ.

‘ನನ್ನ ಹಿಂದಿನ ಪತ್ರ ನೋಡಿದಿರಾ?’ ಎಂದು ಕೇಳುವುದರಲ್ಲಿ ಓದುಗರಿಗೆ ಸಿಗುವುದು ಏನೂ ಇಲ್ಲ. ಮರುಪತ್ರದಲ್ಲಿ ಹೊಸದೊಂದು ಇರಬೇಕು:

> ಡಾಕ್ಟರೇ, ನಮಸ್ಕಾರ. ಇಂದು ಮತ್ತೆ ನೋಡಿದೆ, ಗುಂಡಿ ಇನ್ನೂ ಮುಚ್ಚಿಕೊಂಡಿದೆ. ಮೊಬೈಲನ್ನು ಅಡ್ಡಲಾಗಿ ಹಿಡಿದರೆ ಮಾತ್ರ ಅರ್ಜಿ ಹೋಗುತ್ತದೆ. ಯಾರಾದರೂ ಫೋನಿನಲ್ಲಿ ದೂರಿದರೆ ಸದ್ಯಕ್ಕೆ ಹಾಗೆ ಹೇಳಬಹುದು.

ಅಷ್ಟೇ. ಮೂರನೆಯದನ್ನು ಇನ್ನೂ ಎಂಟು ಕೆಲಸದ ದಿನಗಳ ನಂತರಕ್ಕೆ ಇಟ್ಟುಕೊಂಡಿದ್ದೆವು. ಅದರಲ್ಲಿ ‘ಇದೇ ಕೊನೆಯ ಪತ್ರ’ ಎಂದು ಹೇಳಿ ನಿಜವಾಗಿಯೂ ನಿಲ್ಲಿಸುವುದು. ಅಂತರ ಪ್ರತಿ ಸಲವೂ ಹಿಗ್ಗಬೇಕು, ಕುಗ್ಗಬಾರದು. ಮೂರಕ್ಕೂ ಮೌನವೇ ಉತ್ತರವಾದರೆ ಅದನ್ನು ‘ಬೇಡ’ ಎಂದೇ ಓದಿಕೊಳ್ಳಬೇಕು. ಐದು, ಏಳು ಎಂದು ಮುಂದುವರಿಸುವವರು ಗಳಿಸುವುದು ಸ್ಪ್ಯಾಮ್ ದೂರುಗಳನ್ನು. ಅದರ ಬೆಲೆಯನ್ನು ಆಮೇಲೆ ಬರೆಯುವ ಒಳ್ಳೆಯ ಪತ್ರಗಳೂ ತೆರಬೇಕಾಗುತ್ತದೆ.

ಕ್ಲಿನಿಕ್‌ಗೆ ಮೂರನೆಯದು ಬೇಕಾಗಲಿಲ್ಲ. ಎರಡನೆಯ ಪತ್ರಕ್ಕೆ ಉತ್ತರ ಬಂತು: ‘ನಮ್ಮ ವೆಬ್‌ಸೈಟ್ ಮಾಡಿಕೊಟ್ಟವರು ಅವರ ಮೊಬೈಲಿನಲ್ಲಿ ಸರಿಯಾಗಿಯೇ ಕಾಣುತ್ತದೆ ಎನ್ನುತ್ತಾರೆ.’ ಇಂತಹ ಉತ್ತರಕ್ಕೆ ವಾದ ಹೂಡಬಾರದು, ಮಾರಾಟವನ್ನೂ ಮಾಡಬಾರದು. ದೊಡ್ಡ ಪರದೆಯ ಮೊಬೈಲಿನಲ್ಲಿ ಸರಿಯಾಗಿ ಕಾಣುವುದು ಸಹಜವೆಂದೂ, 360 ಪಿಕ್ಸೆಲ್ ಅಗಲದಲ್ಲಿ ನೋಡಲು ಹೇಳಿ ಎಂದೂ ಎರಡು ಸಾಲು ಬರೆದು, ಈಗ ಪರದೆಯ ಚಿತ್ರವನ್ನು ಲಗತ್ತಿಸಿದರು. ಈಗ ಅವರು ಅಪರಿಚಿತರಲ್ಲವಾದ್ದರಿಂದ ಲಗತ್ತಿಗೆ ಅಡ್ಡಿಯಿಲ್ಲ. ಆ ಸಣ್ಣ ದುರಸ್ತಿಯನ್ನು ಹಳೆಯವರೇ ಮಾಡಿದರು. ಕೆಲವು ವಾರಗಳ ಬಳಿಕ ವೆಬ್‌ಸೈಟನ್ನೇ ಹೊಸದಾಗಿ ಮಾಡಿಸುವ ಮಾತು ಬಂದಾಗ ಕ್ಲಿನಿಕ್‌ನವರು ವಿಚಾರಿಸಿದ್ದು ಇವರನ್ನು.

ವರದಿಗಳು ಹೇಳಿದ್ದು

ಇಷ್ಟರಲ್ಲಿ ಡಿಮಾರ್ಕ್ ವರದಿಗಳು ಬರತೊಡಗಿದ್ದವು. ದೊಡ್ಡ ಇಮೇಲ್ ಸೇವೆಗಳು ಸಾಮಾನ್ಯವಾಗಿ ದಿನಕ್ಕೊಂದರಂತೆ ಕಳುಹಿಸುವ ಎಕ್ಸ್‌ಎಂಎಲ್ ಕಡತಗಳಿವು. ನಮ್ಮ ಡೊಮೈನಿನ ಹೆಸರಿನಲ್ಲಿ ಯಾವ ಐಪಿ ವಿಳಾಸದಿಂದ ಎಷ್ಟು ಪತ್ರ ಬಂತು, ಗುರುತು ಹೊಂದಿತೇ ಎಂಬುದು ಅವುಗಳಲ್ಲಿ ಇರುತ್ತದೆ. ಅವುಗಳಲ್ಲಿ ಇಮೇಲ್ ಸೇವೆಯ ಸರ್ವರ್‌ಗಳಲ್ಲದೆ ಇನ್ನೊಂದು ಮೂಲವೂ ಪದೇ ಪದೇ ಕಾಣುತ್ತಿತ್ತು, ಪ್ರತಿ ಸಲವೂ `fail`. ಹುಡುಕಿದರೆ ಅದು ಅವರು ಗ್ರಾಹಕರಿಗೆ ಬಿಲ್ ಕಳುಹಿಸುವ ತಂತ್ರಾಂಶ. ಪತ್ರದ ಮೇಲೆ ಇವರ ವಿಳಾಸ ಹಾಕಿ, ತನ್ನ ಸಹಿಯೊಂದಿಗೆ ತನ್ನ ಸರ್ವರ್‌ನಿಂದ ಕಳುಹಿಸುತ್ತಿತ್ತು. ಅಂದರೆ ಬಿಲ್‌ಗಳೂ ಕೆಲವರ ಸ್ಪ್ಯಾಮ್ ಕಡತ ಸೇರುತ್ತಿದ್ದಿರಬೇಕು. ಹಣ ತಡವಾಗಿ ಕೊಡುತ್ತಾರೆಂದು ಇವರು ಬೈದುಕೊಳ್ಳುತ್ತಿದ್ದ ಕೆಲವು ಗ್ರಾಹಕರ ಮೇಲಿನ ಆರೋಪವನ್ನು ಅಲ್ಲಿಗೆ ಹಿಂತೆಗೆದುಕೊಂಡರು.

ಇದಕ್ಕೆ ಎಸ್‌ಪಿಎಫ್ ಸಾಲಿಗೆ ಇನ್ನೊಂದು `include` ಸೇರಿಸಿದರೆ ಪ್ರಯೋಜನವಿಲ್ಲ. ಆ ತಂತ್ರಾಂಶ ತಿರಸ್ಕೃತ ಪತ್ರಗಳು ಮರಳಬೇಕಾದ ವಿಳಾಸವಾಗಿ ತನ್ನದೇ ಡೊಮೈನನ್ನು ಕೊಡುತ್ತಿತ್ತು. ಎಸ್‌ಪಿಎಫ್ ಪರಿಶೀಲಿಸುವುದು ಅದನ್ನು. ಆದ್ದರಿಂದ ತಂತ್ರಾಂಶದ ಸೆಟ್ಟಿಂಗ್‌ನಲ್ಲಿ ಅವರ ಡೊಮೈನಿಗೆ ಪ್ರತ್ಯೇಕ ಡಿಕಿಮ್ ಕೀಲಿ ಮಾಡಿಸಿ, ಡಿಎನ್‌ಎಸ್‌ನಲ್ಲಿ `s2._domainkey` ಎಂದು ಇನ್ನೊಂದು ಸಾಲು ಸೇರಿಸಿದೆವು. ಆಮೇಲೆ ಬಂದ ವರದಿಗಳಲ್ಲಿ ಎರಡೂ ಮೂಲಗಳು `pass` ಆಗಿದ್ದವು. ಕೆಲವು ವಾರ ಹಾಗೆಯೇ ನಡೆದದ್ದನ್ನು ನೋಡಿಕೊಂಡು `p=none` ಇದ್ದದ್ದನ್ನು `p=quarantine` ಎಂದು ಬದಲಿಸಿದೆವು.